ಹಸೆಯ ಮುಂದಿನ ಹೆಸರು

ಸಂಗೀತದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆಸ್ಥಾನದಿಂದ ತೊಡಗಿ ದೇವಾಲಯಕ್ಕೆ ಬಂದು, ಅಲ್ಲಿಂದ ಸಭಾಮಂದಿರಕ್ಕೆ ಹೋಗುತ್ತಾರೆ. ಈ ಮೂರು ಸ್ಥಳಗಳಲ್ಲಿಯೂ ಹಾಡಿದವರ ಹೆಸರು ಶಾಸನದಲ್ಲಿಯೋ ಲೆಕ್ಕದ ಕಡತದಲ್ಲಿಯೋ ಅಚ್ಚಾದ ಕರಪತ್ರದಲ್ಲಿಯೋ ಉಳಿದಿರುತ್ತದೆ. ನಾಲ್ಕನೆಯದೊಂದು ಸ್ಥಳವಿದೆ; ಅದು ಮನೆಯ ನಡುಮನೆ. ಮದುವೆ, ಮುಂಜಿ, ಸೀಮಂತ, ತೊಟ್ಟಿಲು, ಹೆಣ್ಣು ಮೈನೆರೆದ ಆರತಿ, ಇವುಗಳಲ್ಲಿ ಹಾಡಿದ ಹೆಂಗಸರ ಸಂಖ್ಯೆ ಆಸ್ಥಾನ ವಿದ್ವಾಂಸರ ಸಂಖ್ಯೆಗಿಂತ ಎಷ್ಟೋ ಪಾಲು ಹೆಚ್ಚು. ಅವರಲ್ಲಿ ಕೆಲವರಿಗೆ ದೊಡ್ಡ ಹೆಸರೂ ಇತ್ತು. ಆದರೆ ಆ ಹೆಸರು ಯಾವ ಕಾಗದದ ಮೇಲೆಯೂ ಇರಲಿಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ, ಒಂದು ಊರಿನಿಂದ ಇನ್ನೊಂದು ಊರಿಗೆ ನಡೆದು ಹೋಗುತ್ತಿತ್ತು. ಅದು ಹೇಗೆ ನಡೆಯುತ್ತಿತ್ತು, ಎಲ್ಲಿಯವರೆಗೆ ನಡೆಯುತ್ತಿತ್ತು, ಎಲ್ಲಿ ನಿಂತುಹೋಗುತ್ತಿತ್ತು ಎಂಬುದನ್ನು ಇಂದು ತಮ್ಮೆದುರು ಬಿಡಿಸಿಡಲು ಯತ್ನಿಸುತ್ತೇನೆ.

ಮನೆಯ ಮಂಗಳಕಾರ್ಯದಲ್ಲಿ ಹಾಡುವುದು ನಮ್ಮ ನಾಡಿನಲ್ಲಿ ಹೊಸದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ಬರೆದ ‘ಮಾನಸೋಲ್ಲಾಸ’ ಸಂಸ್ಕೃತ ಗ್ರಂಥ. ಆದರೂ ಅದರ ಸಂಗೀತದ ಪ್ರಕರಣದಲ್ಲಿ ದೇಸಿಯ ಹಾಡುಗಳಿಗೆ ಜಾಗ ಸಿಕ್ಕಿದೆ. ಧಾನ್ಯ ಕುಟ್ಟುವಾಗ ಹೆಂಗಸರು ತ್ರಿಪದಿಯನ್ನು ಹಾಡುತ್ತಾರೆ, ಕಥೆಗೆ ಷಟ್ಪದಿ ತಕ್ಕುದು, ಮದುವೆಯಲ್ಲಿ ಧವಳವನ್ನು ಹಾಡಬೇಕು, ಉತ್ಸವದಲ್ಲಿ ಮಂಗಳವನ್ನು ಹಾಡಬೇಕು ಎಂದು ಆ ದೊರೆ ಹಂಚಿಕೊಡುತ್ತಾನೆ. ಇಂಥ ಸಮಯಕ್ಕೆ ಇಂಥ ಹಾಡು ಎಂಬ ಕಟ್ಟಳೆ ಎಂಟುನೂರು ವರ್ಷಗಳ ಹಿಂದೆಯೇ ನೆಲೆಯಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಮುಂದೆ 16ನೆಯ ಶತಮಾನದಲ್ಲಿ ಸೋದೆಯ ವಾದಿರಾಜರು ಸಮುದ್ರಮಥನದ ಕಥೆಯನ್ನು ಆಯ್ದುಕೊಂಡು, ಲಕ್ಷ್ಮಿ ನಾರಾಯಣನನ್ನು ವರಿಸಿದ ಪ್ರಸಂಗವನ್ನು ‘ಲಕ್ಷ್ಮೀ ಶೋಭಾನೆ’ಯಾಗಿ ಹಾಡಿದರು. ದೊಡ್ಡ ಯತಿಯೊಬ್ಬರು ಹೆಂಗಸರ ಮದುವೆಹಾಡಿನ ಅಚ್ಚಿನಲ್ಲಿಯೇ ತಮ್ಮ ಕೃತಿಯನ್ನು ಎರಕ ಹೊಯ್ದರೆಂದರೆ, ಆ ಅಚ್ಚು ಅವರಿಗಿಂತ ಮೊದಲೇ ಮನೆಮನೆಯಲ್ಲಿ ಇತ್ತೆಂದೇ ಅರ್ಥ. ಇಂದಿಗೂ ಮಾಧ್ವರ ಮನೆಗಳಲ್ಲಿ ಮದುವೆಯೆಂದರೆ ಆ ಹಾಡು ಇದ್ದೇ ಇರುತ್ತದೆ.

18ನೆಯ ಶತಮಾನಕ್ಕೆ ಬಂದರೆ ಹೆಳವನಕಟ್ಟೆ ಗಿರಿಯಮ್ಮ ಕಾಣಿಸುತ್ತಾಳೆ. ಆಕೆಯ ‘ಸೀತಾಕಲ್ಯಾಣ’, ‘ಚಂದ್ರಹಾಸನ ಕಥೆ’, ‘ಉದ್ದಾಲಿಕನ ಕಥೆ’ಗಳು ಹೆಂಗಸರ ನಾಲಿಗೆಯ ಮೇಲೆ ನಿಂತು ಬಂದ ಕೃತಿಗಳು. ಒಂದು ಸಂಗತಿಯನ್ನು ಮಾತ್ರ ಇಲ್ಲಿ ಗಮನಿಸಬೇಕು. ಗಿರಿಯಮ್ಮನ ಅಂಕಿತದಲ್ಲಿ ಆಕೆಯ ಹೆಸರಿಲ್ಲ. ಹೆಳವನಕಟ್ಟೆಯ ರಂಗನ ಹೆಸರಿದೆ. ಹಾಡಿನ ಕೊನೆಯಲ್ಲಿ ದೇವರ ಹೆಸರು ಬಂತು; ಕಟ್ಟಿದವಳ ಹೆಸರನ್ನು ಹಾಡುವವರು ಬಾಯಿಮಾತಾಗಿ ಹೇಳಿಕೊಂಡು ಬಂದರು. ಕಟ್ಟಿದವಳ ಪಾಡೇ ಇದಾದರೆ, ಕಟ್ಟದೆ ಬರಿಯ ಹಾಡಿದವಳ ಹೆಸರು ಎಷ್ಟು ತೆಳುವಾದ ದಾರದ ಮೇಲೆ ತೂಗುತ್ತಿದ್ದಿರಬೇಕು!

ಈಗ ಆ ಹಾಡುವವಳ ಕೆಲಸವನ್ನು ಹತ್ತಿರದಿಂದ ನೋಡೋಣ. ಕಂಠ ಚೆನ್ನಾಗಿದ್ದವರೆಲ್ಲ ಹಾಡಿನಲ್ಲಿ ಹೆಸರಾದರೆಂದು ತಿಳಿದರೆ ಅದು ಸರಿಯಲ್ಲ. ನಾನು ಬಲ್ಲ ಶಿವಮೊಗ್ಗದ ಸೀಮೆಯಲ್ಲಿ ಬಹಳ ಹೆಸರಾಗಿದ್ದ ಇಬ್ಬರು ಮೂವರ ಕಂಠ ಸಾಧಾರಣವಾದದ್ದೇ. ಅವರನ್ನು ಕರೆಯುತ್ತಿದ್ದುದು ಮೂರು ಗುಣಗಳಿಗಾಗಿ. ಮೊದಲನೆಯದು, ಯಾವ ಶಾಸ್ತ್ರಕ್ಕೆ ಯಾವ ಹಾಡು ಎಂಬ ಕ್ರಮದ ಅರಿವು. ಅರಿಶಿನ ಕುಟ್ಟುವುದಕ್ಕೆ ಒಂದು, ಎಣ್ಣೆ ಹಚ್ಚುವುದಕ್ಕೆ ಒಂದು, ಹಸೆಗೆ ಕರೆಯುವುದಕ್ಕೆ ಒಂದು, ಆರತಿಗೆ, ಉರುಟಣೆಗೆ, ಬೀಗರ ಊಟಕ್ಕೆ, ಬಾಗಿಲು ತಡೆಯುವುದಕ್ಕೆ, ಕೊನೆಗೆ ಹೆಣ್ಣು ಒಪ್ಪಿಸುವುದಕ್ಕೆ ಒಂದೊಂದು. ನಾಲ್ಕೈದು ದಿನದ ಮದುವೆಯಲ್ಲಿ ಈ ಸಾಲು ತಪ್ಪದಂತೆ ನೋಡಿಕೊಳ್ಳುವವಳು ಅವಳೇ. ಪುರೋಹಿತರು ಮಂತ್ರದ ಕ್ರಮವನ್ನು ನಡೆಸಿದರೆ ಒಳಮನೆಯ ಕ್ರಮವನ್ನು ಹಾಡು ನಡೆಸುತ್ತಿತ್ತು. ‘ಹಸೆಗೆ ಏಳಿ’ ಎಂದು ಯಾರೂ ಕೂಗಿ ಹೇಳುತ್ತಿರಲಿಲ್ಲ. ಹಾಡು ಎದ್ದರೆ ಜನ ಏಳುತ್ತಿದ್ದರು. ಇಂದಿನ ಸಮಾರಂಭಗಳಲ್ಲಿ ಧ್ವನಿವರ್ಧಕದ ಮುಂದೆ ನಿಂತು ನಿರೂಪಕರು ಮಾಡುವ ಕೆಲಸವನ್ನು ಅಂದು ಈಕೆ ಕುಳಿತಲ್ಲಿಂದಲೇ ಮಾಡುತ್ತಿದ್ದಳು.

ಎರಡನೆಯ ಗುಣ ಅಳತೆ. ಅಚ್ಚಿನ ಪುಸ್ತಕದಲ್ಲಿ ಹಾಡಿಗೆ ಇಷ್ಟೇ ನುಡಿ ಎಂದಿರುತ್ತದೆ, ನಡುಮನೆಯಲ್ಲಿ ಹಾಗಲ್ಲ. ಆರತಿಯ ತಟ್ಟೆಯಲ್ಲಿ ಅರಿಶಿನ ಸುಣ್ಣ ಬೆರೆಸಿದ ಕೆಂಪು ನೀರು ತುಂಬಿರುತ್ತದೆ. ಇಬ್ಬರು ಮುತ್ತೈದೆಯರು ಅದನ್ನು ಎತ್ತಿ ಹಿಡಿದು ನಿಂತಿರುತ್ತಾರೆ. ಅವರ ತೋಳು ನೋಯುವುದಕ್ಕೆ ಮೊದಲು ಹಾಡು ಮುಗಿಯಬೇಕು. ಮೂರು ನುಡಿಯಾದರೆ ಹಿತ. ಐದಾದರೆ ತಟ್ಟೆ ನಡುಗುತ್ತದೆ. ಹಸೆಗೆ ಕರೆಯುವ ಹಾಡಿನ ಪಾಡು ಇದಕ್ಕೆ ತಿರುಗುಮುರುಗು. ಮದುಮಗ ಬಂದು ಕೂರುವವರೆಗೂ ಅದು ನಿಲ್ಲಬಾರದು. ಅವನು ಇನ್ನೂ ಸ್ನಾನದ ಮನೆಯಲ್ಲಿದ್ದರೆ ಹಾಡನ್ನು ಬೆಳೆಸಬೇಕು. ಅದಕ್ಕಾಗಿ ಅನುಭವಿಗಳ ಬಳಿ ತುಂಬುನುಡಿಗಳ ಗಂಟು ಇರುತ್ತಿತ್ತು. ಹಣೆಯ ಬಾಸಿಂಗದಿಂದ ತೊಡಗಿ ಕಿವಿ, ಕೊರಳು, ತೋಳು, ಬೆರಳು, ಕಾಲು ಎಂದು ಒಂದೊಂದು ಒಡವೆಗೆ ಒಂದೊಂದು ನುಡಿ. ಮುಡಿಯಿಂದ ಅಡಿಗೆ ಇಳಿಯುವಷ್ಟರಲ್ಲಿ ಹನ್ನೆರಡು ನುಡಿ ಸಲೀಸಾಗಿ ಸಾಗುತ್ತದೆ. ಎಲ್ಲಿ ಬೇಕಾದರೂ ನಿಲ್ಲಿಸಿದರೂ ಹಾಡು ಕುಂಟಿದಂತೆ ಕಾಣುವುದಿಲ್ಲ.

ಇಷ್ಟು ನುಡಿಗಳನ್ನು ಆ ಕ್ಷಣದಲ್ಲಿ ಹೇಗೆ ಹೊಂದಿಸುತ್ತಿದ್ದರು ಎಂದು ಓದುಗರಿಗೆ ಅಚ್ಚರಿಯಾಗಬಹುದು. ಅದರ ಕೀಲು ಹಾಡುವ ರೀತಿಯಲ್ಲಿಯೇ ಇದೆ. ಮುಮ್ಮೇಳದವಳು ಒಂದು ಸಾಲು ಹೇಳುತ್ತಾಳೆ. ಹಿಮ್ಮೇಳದವರು ಅದನ್ನು ಮರುಕಳಿಸಿ ಸೊಲ್ಲು ಹಿಡಿಯುತ್ತಾರೆ. ಆ ಸೊಲ್ಲಿನಷ್ಟು ಹೊತ್ತು ಅವಳಿಗೆ ಬಿಡುವು. ತ್ರಿಪದಿಯ ಧಾಟಿಯಲ್ಲಿ ಎರಡನೆಯ ಸಾಲಿನ ಒಂದು ಭಾಗವನ್ನು ಮತ್ತೆ ಹೇಳಿ ಮೂರನ್ನು ನಾಲ್ಕು ಸಾಲಿನಂತೆ ಮಾಡುವ ಪದ್ಧತಿ ಇರುವುದರಿಂದ ಇನ್ನೂ ಸ್ವಲ್ಪ ಬಿಡುವು ದೊರೆಯುತ್ತದೆ. ಆ ಬಿಡುವಿನಲ್ಲಿ ಅವಳು ಉಸಿರು ತೆಗೆದುಕೊಳ್ಳುತ್ತಾಳೆ, ಬಾಗಿಲ ಕಡೆ ನೋಡುತ್ತಾಳೆ, ಮುಂದಿನ ನುಡಿಯನ್ನು ಆಯ್ದುಕೊಳ್ಳುತ್ತಾಳೆ. ಹೀಗೆ ಹಿಮ್ಮೇಳವೆಂಬುದು ಬರಿಯ ಅಲಂಕಾರವಲ್ಲ. ಮುಮ್ಮೇಳದವಳ ಯೋಚನೆಯೆಲ್ಲ ನಡೆಯುವುದು ಅದರ ಮರೆಯಲ್ಲಿಯೇ.

ಮೂರನೆಯ ಗುಣ ಹೆಸರನ್ನು ಸೇರಿಸುವ ಜಾಣ್ಮೆ. ಪ್ರತಿಯೊಂದು ಮನೆಯೂ ತನ್ನ ಮನೆಯ ಹೆಸರನ್ನು ಹಾಡಿನಲ್ಲಿ ಕೇಳಬೇಕೆಂದು ಬಯಸುತ್ತದೆ. ವರನ ಹೆಸರು, ಅವನ ತಂದೆಯ ಹೆಸರು, ಮನೆದೇವರು, ಆ ಕಡೆಯ ಊರು, ಹೊಳೆ, ಇವೆಲ್ಲ ಧಾಟಿಗೆ ಒಗ್ಗಬೇಕು. ವೆಂಕಟಸುಬ್ಬರಾಯ ಎಂಬಂಥ ಉದ್ದದ ಹೆಸರು ಬಂದರೆ ವೆಂಕಟರಾಯನಾಗಿ ಇಳಿಯುತ್ತದೆ; ರಾಮ ಎಂಬ ಚಿಕ್ಕ ಹೆಸರು ಬಂದರೆ ರಾಮರಾಯನಾಗಿ ಬೆಳೆಯುತ್ತದೆ. ಹೆಣ್ಣಿನ ಹೆಸರಿಗೆ ದೇವಿ ಎಂದೋ ಅಮ್ಮ ಎಂದೋ ಸೇರುತ್ತದೆ. ಇದು ಸುಲಭವೆಂದು ತೋರುತ್ತದೆ. ಆದರೆ ತಪ್ಪಿದರೆ ಕ್ಷಮೆಯಿಲ್ಲ. ಹಿರಿಯ ಸೊಸೆಯ ಹೆಸರನ್ನು ಬಿಟ್ಟು ಕಿರಿಯ ಸೊಸೆಯದನ್ನು ಹೇಳಿದರೆ ಆ ಮದುವೆಯ ನೆನಪಿನಲ್ಲಿ ಉಳಿಯುವುದು ಅದೊಂದೇ. ಆದುದರಿಂದ ಬಲ್ಲವರು ಹಿಂದಿನ ದಿನ ಸಂಜೆಯೇ ಬಂದು, ಹೆಣ್ಣಿನ ತಾಯಿಯ ಬಳಿ ಒಂದು ಗಳಿಗೆ, ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರ ಬಳಿ ಒಂದು ಗಳಿಗೆ ಕುಳಿತು ಎಲ್ಲವನ್ನೂ ಕೇಳಿ ತಿಳಿಯುತ್ತಿದ್ದರು. ಯಾವುದನ್ನು ಹೇಳಬೇಕು ಎಂಬುದರ ಜೊತೆಗೆ ಯಾವುದನ್ನು ಹೇಳಲೇಬಾರದು ಎಂಬುದನ್ನೂ ಆಗಲೇ ತಿಳಿದುಕೊಳ್ಳುತ್ತಿದ್ದರು.

ನನ್ನ ದೊಡ್ಡಮ್ಮ ಇಂಥ ಹೆಸರಾದವರಲ್ಲಿ ಒಬ್ಬರು. 1954ರ ವೈಶಾಖದಲ್ಲಿ ಶಿವಮೊಗ್ಗದ ಹತ್ತಿರದ ಹಳ್ಳಿಯೊಂದರ ಮದುವೆಗೆ ಅವರ ಜೊತೆ ನಾನೂ ಹೋಗಿದ್ದೆ. ಆಗ ನನಗೆ ಒಂಬತ್ತು ವರ್ಷ. ಗಂಡಿನವರು ಹಾಸನದ ಕಡೆಯವರು. ದೊಡ್ಡಮ್ಮನನ್ನು ಕರೆದದ್ದು ಹೆಣ್ಣಿನ ಮನೆಯವರು. ಉರುಟಣೆಯ ಹೊತ್ತಿನಲ್ಲಿ ಹುಡುಗಿಯೇ ಹಾಡುತ್ತ ಗಂಡನಿಗೆ ಅರಿಶಿನ, ಕುಂಕುಮ, ಗಂಧಗಳನ್ನು ಹಚ್ಚಬೇಕು. ಆ ಹುಡುಗಿಗೆ ಬಾಯಿ ಒಣಗಿಹೋಗಿತ್ತು. ದೊಡ್ಡಮ್ಮ ಅವಳ ಬೆನ್ನ ಹಿಂದೆ ಸರಿದು ಕುಳಿತು, ಬಳೆ ಸರಿಪಡಿಸುವ ನೆಪದಲ್ಲಿ ಅರ್ಧರ್ಧ ಸಾಲನ್ನು ಅವಳ ಕಿವಿಯಲ್ಲಿ ಹೇಳಿದರು. ಹುಡುಗಿ ಅಷ್ಟನ್ನು ಹೇಳಿ ನಿಲ್ಲುತ್ತಿದ್ದಂತೆ ಉಳಿದರ್ಧವನ್ನು ಹಿಮ್ಮೇಳ ಎತ್ತಿಕೊಂಡಿತು. ಕೇಳಿದವರಿಗೆ ಹುಡುಗಿ ಚೆನ್ನಾಗಿ ಹಾಡಿದಳೆಂದೇ ತೋರಿತು. ಉತ್ತರ ಕರ್ನಾಟಕದ ಕಡೆ ಹೊಸ ಹೆಣ್ಣು ಗಂಡನ ಹೆಸರನ್ನು ಒಡಪಿನಲ್ಲಿ ಸೇರಿಸಿ ಹೇಳುವಾಗಲೂ ಹಿಂದಿನಿಂದ ಹೀಗೆ ನೆನಪು ಕೊಡುವ ಹಿರಿಯರು ಇರುತ್ತಾರೆಂಬುದನ್ನು ಮುಂದೆ ಕಂಡೆ. ತಾನು ಕಾಣಿಸಿಕೊಳ್ಳದೆ ಇನ್ನೊಬ್ಬರನ್ನು ಹಾಡಿಸುವುದೂ ಆ ಕೆಲಸದ ಒಂದು ಭಾಗ.

ಅದೇ ಮದುವೆಯ ಬೀಗರ ಊಟದಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಬೀಗರ ಹಾಡೆಂದರೆ ಹಾಸ್ಯ. ಬೀಗಿತ್ತಿಯ ನಡಿಗೆ, ಹಸಿವು, ಜಿಪುಣತನ, ಎಲ್ಲವನ್ನೂ ಎದುರಿಗೇ ಹಾಡಿ ನಗಿಸುವುದಕ್ಕೆ ಅಲ್ಲಿ ಪರವಾನಗಿ ಉಂಟು. ಆ ಪರವಾನಗಿಗೆ ಗಡಿಯೂ ಉಂಟು. ಸಾವು, ಸಾಲ, ಮಕ್ಕಳಿಲ್ಲದಿರುವುದು, ಮೈಯ ಊನ, ಇವು ಗಡಿಯ ಆಚೆಗಿನವು. ಆ ದಿನ ಹುಮ್ಮಸ್ಸಿನ ತರುಣಿಯೊಬ್ಬಳು ಬೀಗಿತ್ತಿಯ ಬರಿಗೈಯನ್ನು ಹಿಡಿದು ಒಂದು ನುಡಿ ಹಾಡಿಬಿಟ್ಟಳು. ಮದುವೆಯ ಖರ್ಚಿಗಾಗಿ ಆಕೆಯ ಬಳೆಗಳು ಅಡವಿಗೆ ಹೋಗಿದ್ದವೆಂಬುದು ಆ ತರುಣಿಗೆ ತಿಳಿಯದು. ಹಿಂದಿನ ಸಂಜೆ ವಿಚಾರಿಸಿದ್ದ ದೊಡ್ಡಮ್ಮನಿಗೆ ತಿಳಿದಿತ್ತು. ಪಂಕ್ತಿಯಲ್ಲಿ ನಗು ಒಮ್ಮೆಲೇ ಬಿದ್ದುಹೋಯಿತು. ಬೀಗಿತ್ತಿ ಎಲೆಯ ಮೇಲೆ ಕಣ್ಣಿಟ್ಟು ಕೈ ನಿಲ್ಲಿಸಿದರು. ಹಾಡು ಗಡಿ ದಾಟಿತೆಂಬುದಕ್ಕೆ ಇದೇ ಗುರುತು: ಯಾರನ್ನು ಕುರಿತು ಹಾಡಿದ್ದೋ ಅವರ ಕೈ ಎಲೆಯ ಮೇಲೆ ನಿಲ್ಲುತ್ತದೆ.

ಹಿಮ್ಮೇಳದ ಸೊಲ್ಲು ಮುಗಿಯುವುದಕ್ಕೆ ಮೊದಲೇ ದೊಡ್ಡಮ್ಮ ಹಾಡನ್ನು ತಮ್ಮ ಕೈಗೆ ತೆಗೆದುಕೊಂಡರು. ಮುಂದಿನ ನುಡಿಯಲ್ಲಿ ಹಾಸ್ಯವನ್ನು ತಮ್ಮ ಕಡೆಯವರ ಮೇಲೆಯೇ ತಿರುಗಿಸಿದರು. ಹೆಣ್ಣಿನ ಮನೆಯ ಸಾರಿನಲ್ಲಿ ಬೇಳೆ ಹುಡುಕಲು ದೀವಟಿಗೆ ಹಿಡಿಯಬೇಕು ಎಂಬರ್ಥದ ನುಡಿ ಅದು. ಅದರ ಹಿಂದೆಯೇ ಹೆಣ್ಣಿನ ಸೋದರಮಾವನ ಹೊಟ್ಟೆಯ ಮೇಲೆ ಇನ್ನೊಂದು. ಎರಡು ನುಡಿಯಲ್ಲಿ ನಗು ಮರಳಿ ಬಂತು, ಬೀಗಿತ್ತಿಯೂ ನಕ್ಕರು. ಊಟವಾದ ಮೇಲೆ ಆಕೆ ತಾವಾಗಿಯೇ ಬಂದು, “ಬರುವ ವರ್ಷ ನಮ್ಮ ಹುಡುಗಿಯ ಮದುವೆ ಮಾಡಬೇಕೆಂದಿದ್ದೇವೆ. ತಾವು ಬಂದು ಹಾಡಿಕೊಡಬೇಕು” ಎಂದರು. ಅವರು ಏತಕ್ಕಾಗಿ ಹಾಗೆ ಕರೆದರೆಂಬುದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ. ಮರುವರ್ಷ ದೊಡ್ಡಮ್ಮ ಹಾಸನಕ್ಕೆ ಹೋದರು. ಅಲ್ಲಿಂದ ಅರಸೀಕೆರೆಯ ಒಂದು ಮನೆ, ಕಡೂರಿನ ಎರಡು ಮನೆ, ಹೀಗೆ ದಾರಿ ಹರಡಿತು.

ಹೆಸರು ಹರಡುವ ಗುಟ್ಟು ಇಲ್ಲಿಯೇ ಇದೆ. ಸಭೆಯ ಕಚೇರಿಗೆ ಬಂದ ಕೇಳುಗ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾನೆ. ಅವನು ಕಚೇರಿ ನಡೆಸುವವನಲ್ಲ. ಮದುವೆಯ ಕೇಳುಗರಲ್ಲಿ ಅರ್ಧ ಜನ ಬೇರೆ ಊರಿನವರು. ಅವರಲ್ಲಿ ಅನೇಕರ ಮನೆಯಲ್ಲಿ ನಾಳೆಯೋ ನಾಡಿದ್ದೋ ಮದುವೆ ಇದೆ. ಒಂದು ಮದುವೆಯಲ್ಲಿ ಚೆನ್ನಾಗಿ ನಡೆಸಿಕೊಟ್ಟರೆ ಸಂಬಂಧದ ಜಾಡಿನಲ್ಲಿಯೇ ಹೆಸರು ಇನ್ನೊಂದು ಸೀಮೆಗೆ ಹೋಗುತ್ತದೆ. ಹೊತ್ತುಕೊಂಡು ಹೋಗುವವಳು ಮದುಮಗಳೇ. ಮದುವೆಯಾದ ಮೊದಲ ಆಷಾಢದಲ್ಲಿ ಹೊಸ ಹೆಣ್ಣುಗಳು ತವರಿಗೆ ಬರುತ್ತಾರೆ. ಆ ತಿಂಗಳಲ್ಲಿ ಮದುವೆಗಳಿಲ್ಲ, ಹೊರಗೆ ಮಳೆ. ಬೇರೆ ಬೇರೆ ಮನೆ ಸೇರಿದ ಗೆಳತಿಯರು ಒಂದೆಡೆ ಕೂಡಿ, ಯಾರ ಮದುವೆಯಲ್ಲಿ ಯಾರು ಹೇಗೆ ಹಾಡಿದರೆಂದು ಒರೆಗೆ ಹಚ್ಚುತ್ತಾರೆ. ಮಾಘದಿಂದ ಜ್ಯೇಷ್ಠದವರೆಗೆ ಹಾಡಿದ್ದರ ತೀರ್ಪು ಆಷಾಢದಲ್ಲಿ ಹೊರಬೀಳುತ್ತದೆ. ಶ್ರಾವಣದ ಮಂಗಳಗೌರಿಯ ಪೂಜೆಗೆ ಅವರೇ ಹಾಡಬೇಕಾಗುವುದರಿಂದ ಆಗ ಕೇಳಿದ ಹಾಡುಗಳನ್ನು ಬರೆದುಕೊಳ್ಳುವುದೂ ನಡೆಯುತ್ತದೆ. ಇವರ ಜೊತೆಗೆ ಮದುವೆಯಿಂದ ಮದುವೆಗೆ ತಿರುಗುವ ಅಡಿಗೆಯವರು, ಪುರೋಹಿತರು, ವಾಲಗದವರು, ಬಳೆಗಾರರು. ‘ಹಾಡಿಗೆ ಯಾರನ್ನು ಕರೆಯೋಣ?’ ಎಂದು ಹೊಸ ಊರಿನವರು ಕೇಳುವುದು ಇವರನ್ನೇ.

ಈ ಹೆಸರಿಗೆ ಅಳತೆಗೋಲು ಹಣವಾಗಿರಲಿಲ್ಲ. ಎಲೆ ಅಡಿಕೆ, ತೆಂಗಿನಕಾಯಿ, ಒಂದು ಕುಪ್ಪಸದ ಕಣ, ಇಷ್ಟೇ ಮರ್ಯಾದೆ. ಹೆಚ್ಚೆಂದರೆ ಒಂದು ಸೀರೆ. ಹಣ ಕೇಳಿದರೆ ಮಾನವಂತರ ಮನೆಯ ಹೆಂಗಸಲ್ಲ ಎಂಬ ಮಾತು ಬರುತ್ತಿತ್ತು. ಕರೆಯದೆ ಹೋಗಿ ಹಾಡುವಂತೆಯೂ ಇಲ್ಲ. ಕುಂಕುಮ ಕೊಟ್ಟು ಕರೆದರೆ ಮಾತ್ರ ಹೋಗಬೇಕು. ಹೀಗಾಗಿ ಹೆಸರಿನ ಏರಿಳಿತವನ್ನು ಬೇರೆ ಗುರುತುಗಳಿಂದ ತಿಳಿಯಬೇಕಿತ್ತು. ಮೊದಮೊದಲು ‘ನೀವೂ ಬನ್ನಿ’ ಎಂದು ಎಲ್ಲರ ಜೊತೆ ಕರೆಯುತ್ತಾರೆ. ಆಮೇಲೆ ಹಿಂದಿನ ದಿನವೇ ಬರಲು ಹೇಳುತ್ತಾರೆ. ಆಮೇಲೆ ಬಂಡಿ ಕಳಿಸುತ್ತಾರೆ. ಕೊನೆಯ ಮೆಟ್ಟಿಲೆಂದರೆ, ಮುಹೂರ್ತ ಗೊತ್ತುಮಾಡುವುದಕ್ಕೆ ಮೊದಲು ‘ಆ ದಿನ ತಮಗೆ ಬಿಡುವುಂಟೇ?’ ಎಂದು ಕೇಳಿ ಕಳಿಸುವುದು. ದೊಡ್ಡಮ್ಮ ಆ ಮೆಟ್ಟಿಲನ್ನು ಮುಟ್ಟುವುದಕ್ಕೆ ಹದಿನೈದು ವರ್ಷ ಹಿಡಿಯಿತೆಂದು ನಮ್ಮ ತಾಯಿ ಹೇಳುತ್ತಿದ್ದರು.

ಈ ಹೆಸರಿಗೊಂದು ಸಹಜವಾದ ಎಲ್ಲೆಯೂ ಇತ್ತು. ಮುಮ್ಮೇಳದವಳು ಎಷ್ಟೇ ಬಲ್ಲವಳಾಗಲಿ, ಸೊಲ್ಲು ಹಿಡಿಯುವವರಿಗೆ ಆ ಮಟ್ಟು ಗೊತ್ತಿಲ್ಲದಿದ್ದರೆ ಹಾಡು ಏಳದು. ಆದುದರಿಂದ ಅವಳ ಕೀರ್ತಿ ಹರಡುವುದು ಮಟ್ಟುಗಳು ಒಂದೇ ಆಗಿರುವ ಸೀಮೆಯ ಅಂಚಿನವರೆಗೆ ಮಾತ್ರ. ಕಡೂರನ್ನು ದಾಟಿ ಮುಂದೆ ಹೋದಾಗ ದೊಡ್ಡಮ್ಮ ಹಿಂದಿನ ರಾತ್ರಿ ಮನೆಯ ಹುಡುಗಿಯರನ್ನು ಕೂರಿಸಿಕೊಂಡು ಐದಾರು ಸೊಲ್ಲುಗಳನ್ನು ಕಲಿಸಬೇಕಾಗುತ್ತಿತ್ತು. ಅದಕ್ಕೂ ಆಚೆಗೆ ಅವರನ್ನು ಯಾರೂ ಕರೆಯಲಿಲ್ಲ, ಕರೆದಿದ್ದರೂ ಫಲವಿರುತ್ತಿರಲಿಲ್ಲ.

ಇಷ್ಟು ಕಷ್ಟದಿಂದ ಕಟ್ಟಿದ ಹೆಸರು ಒಂದೇ ದಿನದಲ್ಲಿ ನಿಂತುಹೋಗಬಹುದಾಗಿತ್ತು ಎಂಬುದನ್ನು ಹೇಳದೆ ಈ ಚರಿತ್ರೆ ಪೂರ್ತಿಯಾಗದು. ನಾನು ಹೇಳುತ್ತಿರುವ ಮನೆಗಳಲ್ಲಿ ಹಸೆಯ ಮುಂದೆ ಹಾಡುವವಳು ಮುತ್ತೈದೆಯಾಗಿರಬೇಕು. 1957ರ ಶರತ್ಕಾಲದಲ್ಲಿ ದೊಡ್ಡಪ್ಪ ತೀರಿಕೊಂಡರು. ಆಗ ದೊಡ್ಡಮ್ಮನಿಗೆ ನಲವತ್ತೆರಡು. ಕಂಠ, ನೆನಪು, ಜಾಣ್ಮೆ ಎಲ್ಲವೂ ಮಾಗಿದ್ದ ವಯಸ್ಸು. ಮುಂದಿನ ಮಾಘದಲ್ಲಿ ಯಾವ ಬಂಡಿಯೂ ಬಾಗಿಲಿಗೆ ಬರಲಿಲ್ಲ. ಬರಬೇಡಿ ಎಂದು ಯಾರೂ ಹೇಳಲಿಲ್ಲ. ಕುಂಕುಮ ಕೊಟ್ಟು ಕರೆಯಬೇಕಾದಲ್ಲಿ ಕುಂಕುಮವನ್ನೇ ಕೊಡುವಂತಿಲ್ಲವಾದ್ದರಿಂದ ಹೇಳುವ ಅಗತ್ಯವೇ ಬೀಳಲಿಲ್ಲ. ಬಾಯಿಮಾತಿನಿಂದ ಬಂದ ಹೆಸರು ಮೌನದಿಂದಲೇ ಹೋಯಿತು.

ಎರಡು ವರ್ಷಗಳ ಮೇಲೆ ನಮ್ಮ ನೆಂಟರ ಮನೆಯ ಮದುವೆಯಲ್ಲಿ ಅವರನ್ನು ಕಂಡದ್ದು ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ. ಹಸೆಯ ಮುಂದೆ ಹೊಸಬಳೊಬ್ಬಳು ಹಾಡುತ್ತಿದ್ದಳು. ನಡುವೆ ನುಡಿ ಮರೆತುಹೋಗಿ ಆಕೆ ಹಿಮ್ಮೇಳದವರಿಗೆ ಸೊಲ್ಲನ್ನು ಎರಡು ಸಲ ಹೇಳಲು ಸನ್ನೆ ಮಾಡಿ, ಒಬ್ಬ ಹುಡುಗಿಯನ್ನು ಒಳಗೆ ಓಡಿಸಿದಳು. ಹುಡುಗಿ ಕೋಣೆಯ ಬಾಗಿಲಿಗೆ ಬಂದು, “ದೊಡ್ಡಮ್ಮ, ಕೊರಳಿನದು ಆಯಿತು, ಆಮೇಲೆ?” ಎಂದಳು. ದೊಡ್ಡಮ್ಮ ತಲೆ ಎತ್ತದೆ, ತರಕಾರಿ ಹೆಚ್ಚುತ್ತಲೇ ಮುಂದಿನ ನುಡಿಯನ್ನು ಹೇಳಿಕಳಿಸಿದರು. ಆ ದಿನ ಹುಡುಗಿ ನಾಲ್ಕು ಸಲ ಬಂದುಹೋದಳು. ಹೊರಗೆ ಹಾಡು ನಿಲ್ಲಲಿಲ್ಲ.

ಎಲ್ಲ ಸಮುದಾಯಗಳಲ್ಲಿಯೂ ಈ ಕಟ್ಟು ಒಂದೇ ಬಗೆಯಾಗಿತ್ತೆಂದು ಹೇಳಲಾಗದು. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಸುಕ್ರಿ ಬೊಮ್ಮಗೌಡ ಚಿಕ್ಕಂದಿನಲ್ಲಿ ತಾಯಿಯಿಂದ ಹಾಡು ಕಲಿತವರು. ಗಂಡನನ್ನು ಬೇಗ ಕಳೆದುಕೊಂಡರೂ ಹಾಡನ್ನು ಬಿಡಲಿಲ್ಲ. ಹಾಡಿನ ಬಲದಿಂದಲೇ ಊರಿನ ಹೆಂಗಸರನ್ನು ಕೂಡಿಸಿ ಹೆಂಡದ ವಿರುದ್ಧ ನಿಂತರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ಅಂಥ ಬಾಗಿಲು ನಮ್ಮ ದೊಡ್ಡಮ್ಮನಂಥವರಿಗೆ ತೆರೆದಿರಲಿಲ್ಲ.

ಅದೇ ಹೊತ್ತಿಗೆ ಬೇರೊಂದು ಕಡೆಯಿಂದಲೂ ಈ ಹಾಡಿನ ನೆಲ ಕುಸಿಯುತ್ತಿತ್ತು. 1935ರಲ್ಲಿ ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ಆಕಾಶವಾಣಿಯನ್ನು ಆರಂಭಿಸಿದರು. ಧಾರವಾಡಕ್ಕೆ 1950ರಲ್ಲಿಯೂ ಬೆಂಗಳೂರಿಗೆ 1955ರಲ್ಲಿಯೂ ನಿಲಯಗಳು ಬಂದವು. ಹೆಂಗಸರ ಹಾಡಿಗೆ ಬಾನುಲಿಯಲ್ಲಿ ಜಾಗ ದೊರೆತದ್ದು ದೊಡ್ಡ ಉಪಕಾರವೇ. ಆದರೆ ಬಾನುಲಿಯ ಹಾಡಿಗೆ ಬಾಗಿಲ ಕಡೆ ನೋಡುವ ಕಣ್ಣಿಲ್ಲ. ಮದುಮಗ ಬರಲಿ ಬಾರದಿರಲಿ, ಅದು ಗೊತ್ತಾದ ಹೊತ್ತಿಗೆ ಮುಗಿಯಬೇಕು. ಅದರ ಹಿಂದೆಯೇ ಮದುವೆಯ ಚಪ್ಪರಕ್ಕೆ ಧ್ವನಿವರ್ಧಕವೂ ಚಲನಚಿತ್ರದ ತಟ್ಟೆಗಳೂ ಬಂದವು. ಒಳಮನೆಯ ಹಾಡು ಆ ಸದ್ದಿನ ಮುಂದೆ ಕೇಳದಾಯಿತು. ಆದರೂ ನನ್ನ ದೃಷ್ಟಿಯಲ್ಲಿ ದೊಡ್ಡ ಪೆಟ್ಟು ಕೊಟ್ಟದ್ದು ಸದ್ದಲ್ಲ, ಕಲ್ಯಾಣಮಂಟಪ. ನಾಲ್ಕೈದು ದಿನದ ಮದುವೆ ಬಾಡಿಗೆಯ ಮಂಟಪದಲ್ಲಿ ಒಂದೂವರೆ ದಿನಕ್ಕೆ ಇಳಿಯಿತು. ಅರಿಶಿನ ಕುಟ್ಟುವುದು ಹೋದ ಮೇಲೆ ಅರಿಶಿನ ಕುಟ್ಟುವ ಹಾಡು ಎಲ್ಲಿ ನಿಂತೀತು? ಶಾಸ್ತ್ರಕ್ಕೆ ಕಟ್ಟಿದ ಹಾಡು ಶಾಸ್ತ್ರದ ಜೊತೆಯಲ್ಲಿಯೇ ಹೊರಟುಹೋಯಿತು. ಹಾಡುವವಳ ಮುಖ್ಯ ಗುಣಗಳಾದ ಕ್ರಮ ಮತ್ತು ಅಳತೆಗಳಿಗೆ ಕೆಲಸವಿಲ್ಲದಾಯಿತು. ಉಳಿದದ್ದು ಕಂಠ ಒಂದೇ. ಕಂಠವೊಂದನ್ನೇ ಕೇಳುವುದಾದರೆ ಆರತಕ್ಷತೆಯ ವೇದಿಕೆಯ ಮೇಲೆ ವಾದ್ಯವೃಂದದೊಡನೆ ಹಾಡುವ ಶಿಕ್ಷಿತ ಗಾಯಕರಿದ್ದಾರೆ. ಅವರು ಸಂಭಾವನೆಯನ್ನು ಮೊದಲೇ ಮಾತನಾಡಿಕೊಂಡು ಬರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಕುಪ್ಪಸದ ಕಣಕ್ಕೆ ನಾಲ್ಕು ದಿನ ದುಡಿದವರ ಕಾಲ ಮರಳಿ ಬರಲೆಂದು ನಾನು ಹಾರೈಸುವುದಿಲ್ಲ.

ಇನ್ನು ಉಳಿದದ್ದು ಏನು? ವಿಜಾಪುರದ ಕಡೆಯ ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಹೆಂಗಸರ ಹಾಡನ್ನು ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸಿತು. ಅದರ ಹೆಸರನ್ನು ಒಮ್ಮೆ ಗಮನಿಸಿರಿ: ಅದು ಗರತಿಯ ಹಾಡು. ಇಂಥ ಊರಿನ ಇಂಥವಳ ಹಾಡೆಂದಲ್ಲ. ಗೃಹಿಣಿಯೆಂಬ ಒಂದೇ ಹೆಸರಿನಲ್ಲಿ ಎಲ್ಲರೂ ಸೇರಿಹೋದರು. ಹಾಡು ಎಲ್ಲರದು ಎಂಬ ಆ ಭಾವ ಸುಂದರವಾದದ್ದೇ. ಮುಂದೆ ಬಂದ ಸಂಗ್ರಹಗಳಲ್ಲಿಯೂ ಬಹಳ ವೇಳೆ ಹಾಡು ದೊರೆಯುತ್ತದೆ, ಹಾಡಿದವಳು ದೊರೆಯುವುದಿಲ್ಲ. ಯಾವ ಶಾಸ್ತ್ರದಲ್ಲಿ ಎಷ್ಟು ನುಡಿ ಹೇಳುತ್ತಿದ್ದರು, ಎಲ್ಲಿ ನಿಲ್ಲಿಸುತ್ತಿದ್ದರು ಎಂಬುದಂತೂ ಎಲ್ಲಿಯೂ ಇಲ್ಲ.

ಅದು ದೊರೆಯುವುದು ಮನೆಗಳಲ್ಲಿ ಉಳಿದಿರುವ ಹಾಡಿನ ಪುಸ್ತಕಗಳಲ್ಲಿ. ನಾನು ಹೇಳುತ್ತಿರುವುದು ಅಚ್ಚಿನ ಪುಸ್ತಕವಲ್ಲ. ಶಾಲೆಯ ಲೆಕ್ಕದ ಪುಸ್ತಕದಲ್ಲಿ ಶಾಯಿಯಿಂದ ಬರೆದುಕೊಂಡದ್ದು. ದೊಡ್ಡಮ್ಮ ಹಾಡು ನಿಲ್ಲಿಸಿದ ಮೇಲೆ ಅಂಥ ಮೂರು ಪುಸ್ತಕಗಳನ್ನು ಬರೆದರು. ಸೋದರ ಸೊಸೆಯರು, ಅಕ್ಕಪಕ್ಕದ ಹುಡುಗಿಯರು ಅವುಗಳಿಂದ ನಕಲು ಮಾಡಿಕೊಂಡು ಹೋದರು. ನಕಲಿನಿಂದ ನಕಲಾಗಿ ಒಂದು ಪ್ರತಿ ಚಿಕ್ಕಮಗಳೂರಿನ ಮನೆಯೊಂದರಲ್ಲಿ ನನ್ನ ಕೈಗೆ ಬಂತು. ಆ ಮನೆಯವರಿಗೆ ನನ್ನ ದೊಡ್ಡಮ್ಮ ಯಾರೆಂದು ತಿಳಿಯದು. ಆದರೆ ಹಸೆಗೆ ಕರೆಯುವ ಹಾಡಿನ ಅಂಚಿನಲ್ಲಿ ಚಿಕ್ಕ ಅಕ್ಷರದಲ್ಲಿ ಹೀಗೆ ಬರೆದಿತ್ತು: ‘ಗಂಡು ತಡವಾದರೆ ಇಲ್ಲಿಂದ ಒಡವೆಯ ನುಡಿ ಸೇರಿಸುವುದು. ಬಂದು ಕೂತರೆ ಕೊನೆಯ ನುಡಿಗೆ ಹೋಗುವುದು.’ ಹಾಡಿನ ತಲೆಯ ಮೇಲೆ ಹೇಳಿಕೊಟ್ಟವರ ಹೆಸರು, ಊರು ಇತ್ತು. ನಕಲು ಮಾಡಿದ ಯಾರೋ ಹುಡುಗಿಯರು ಒಬ್ಬರ ಹಿಂದೆ ಒಬ್ಬರಾಗಿ ಅದನ್ನೂ ತಪ್ಪದೆ ಬರೆದುಕೊಂಡಿದ್ದರು.

ಇಂಥ ಪುಸ್ತಕಗಳು ನಮ್ಮ ಪಟ್ಟಣಗಳ ಅಟ್ಟಗಳ ಮೇಲೆ ಇನ್ನೂ ಇವೆ. ಹಾಡುಗಳು ಹೇಗೂ ಬೇರೆಡೆ ಅಚ್ಚಾಗಿವೆ ಎಂದು ಹಳೆಯ ಕಾಗದದ ಜೊತೆ ಅವುಗಳನ್ನು ತೂಕಕ್ಕೆ ಹಾಕುವ ಮೊದಲು ಒಮ್ಮೆ ತಲೆಬರಹವನ್ನೂ ಅಂಚನ್ನೂ ಓದಬೇಕು. ಹಾಡಿದವಳ ಹೆಸರು ಅಲ್ಲಿದ್ದರೆ ಅದನ್ನು ಬೇರೆ ಕಾಗದಕ್ಕೆ ಬರೆದಿಡಬೇಕು. ಇಲ್ಲವಾದರೆ ಮನೆಯ ಹಿರಿಯರನ್ನು ಕೇಳಿ, ಅವರ ನೆನಪಿರುವಾಗಲೇ ಸೇರಿಸಬೇಕು: ಯಾರು ಹಾಡಿದರು, ಯಾರ ಮದುವೆಯಲ್ಲಿ, ಯಾವ ಶಾಸ್ತ್ರಕ್ಕೆ, ಎಷ್ಟು ನುಡಿ.